‘ಹ್ಯಾವ್ ಬೀನ್’ ಕನ್ನಡದಲ್ಲಿ ಎಲ್ಲಿ ಅಡಗಿದೆ?

(ಇಂಗ್ಲಿಷ್ ಕಲಿಯುತ್ತಿರುವ ಕನ್ನಡಿಗರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತನಾಡುವಾಗ ಹೇಳಿದ ಇಂಗ್ಲಿಷ್ ವಾಕ್ಯಗಳನ್ನು ಕಿವಿಗೆ ಕೇಳಿದ ಹಾಗೆಯೇ ಕನ್ನಡ ಲಿಪಿಯಲ್ಲಿ ಉಳಿಸಿಕೊಂಡಿದ್ದೇನೆ.)

ಇಂಗ್ಲಿಷ್ ಕಲಿಸುವ ಕನ್ನಡ ಕೈಪಿಡಿಗಳಲ್ಲಿ ಕಾಲಗಳ ಪಟ್ಟಿಯೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮೂರು ಕಾಲಗಳು, ಒಂದೊಂದಕ್ಕೂ ನಾಲ್ಕು ರೂಪಗಳು, ಒಟ್ಟು 12 ಮನೆಗಳು. ಪ್ರತಿಯೊಂದು ಮನೆಯಲ್ಲೂ ಒಂದು ಇಂಗ್ಲಿಷ್ ವಾಕ್ಯ ಮತ್ತು ಅದರ ಪಕ್ಕದಲ್ಲಿ ಕನ್ನಡದ ವಾಕ್ಯ. ಮೊದಲ ಸಾಲಿನ ಕೊನೆಯ ಮನೆ ಪ್ರೆಸೆಂಟ್ ಪರ್ಫೆಕ್ಟ್ ಕಂಟಿನ್ಯುಯಸ್‌ನದು. ಅಲ್ಲಿ ‘ಐ ಹ್ಯಾವ್ ಬೀನ್ ರೀಡಿಂಗ್’ ಎಂಬುದರ ಎದುರಿಗೆ ‘ನಾನು ಓದುತ್ತಾ ಬಂದಿದ್ದೇನೆ’ ಎಂದು ಬರೆದಿರುತ್ತದೆ. ನಾನು ಇಂದು ಮಾತನಾಡಲು ಹೊರಟಿರುವುದು ಈ ಒಂದು ಮನೆಯ ಬಗ್ಗೆ ಮಾತ್ರ, ಏಕೆಂದರೆ ಉಳಿದ ಮನೆಗಳನ್ನು ಹೇಗೋ ದಾಟಿಬಂದ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ ಎಂಬುದನ್ನು ಪಾಠ ಹೇಳುತ್ತಾ ನಾನು ಕಂಡುಕೊಂಡಿದ್ದೇನೆ.

ಎಡವುವ ಬಗೆ ಹೀಗಿದೆ. ವಿದ್ಯಾರ್ಥಿ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾನೆ. ‘ಓದುತ್ತಾ ಬಂದಿದ್ದೇನೆ’ ಎಂಬುದನ್ನು ಇಂಗ್ಲಿಷಿಗೆ ತಿರುಗಿಸಲು ಕೊಟ್ಟರೆ ತಪ್ಪಿಲ್ಲದೆ ತಿರುಗಿಸುತ್ತಾನೆ. ಮರುದಿನ ಅದೇ ವಿದ್ಯಾರ್ಥಿ ನನ್ನ ಕೋಣೆಯ ಹೊರಗೆ ನಿಂತು, ‘ಸರ್, ಐ ಆಮ್ ವೇಟಿಂಗ್ ಸಿನ್ಸ್ ಟು ಅವರ್ಸ್’ ಎನ್ನುತ್ತಾನೆ. ಕಲಿತದ್ದು ಒಂದೇ ರಾತ್ರಿಯಲ್ಲಿ ಎಲ್ಲಿ ಹೋಯಿತು? ಎಲ್ಲಿಗೂ ಹೋಗಿಲ್ಲ. ಆ ಕ್ಷಣದಲ್ಲಿ ಅವನ ಮನಸ್ಸಿನಲ್ಲಿ ಹುಟ್ಟಿದ ಕನ್ನಡ ವಾಕ್ಯ ‘ಎರಡು ಗಂಟೆಯಿಂದ ಕಾಯುತ್ತಿದ್ದೇನೆ’ ಎಂಬುದು. ‘ಕಾಯುತ್ತಾ ಬಂದಿದ್ದೇನೆ’ ಎಂದು ಯಾವ ಕನ್ನಡಿಗನೂ ಬಾಗಿಲ ಬಳಿ ನಿಂತು ಹೇಳುವುದಿಲ್ಲ. ಪಟ್ಟಿಯ ಪ್ರಕಾರ ‘ಕಾಯುತ್ತಿದ್ದೇನೆ’ ಎಂದರೆ ‘ಐ ಆಮ್ ವೇಟಿಂಗ್’. ಅವನು ಪಟ್ಟಿಯನ್ನು ನಿಷ್ಠೆಯಿಂದ ಪಾಲಿಸಿದ್ದಾನೆ, ಅಷ್ಟೇ. ದೋಷ ಇರುವುದು ಪಟ್ಟಿಯಲ್ಲಿ.

ಹಾಗಾದರೆ ಕನ್ನಡದ ಕ್ರಿಯಾಪದವನ್ನು ಸ್ವಲ್ಪ ಬಿಚ್ಚಿ ನೋಡೋಣ. ಶಾಲೆಯ ವ್ಯಾಕರಣದಲ್ಲಿ ನಾವು ‘ಓದುತ್ತೇನೆ’ ಎಂಬುದನ್ನು ‘ಓದು’ ಎಂಬ ಧಾತು, ‘ಉತ್ತ’ ಎಂಬ ಕಾಲಸೂಚಕ ಪ್ರತ್ಯಯ, ‘ಏನೆ’ ಎಂಬ ಆಖ್ಯಾತ ಪ್ರತ್ಯಯ ಎಂದು ಬಿಡಿಸಿದ್ದೇವೆ. ಇಂಗ್ಲಿಷಿನ ಕಂಟಿನ್ಯುಯಸ್ ಮತ್ತು ಪರ್ಫೆಕ್ಟ್ ಎಂಬ ಎರಡು ಬಗೆಗಳಿಗೆ ಕನ್ನಡದಲ್ಲಿ ಬೇರೆ ಪ್ರತ್ಯಯವಿಲ್ಲ. ಅಲ್ಲಿ ‘ಇರು’ ಎಂಬ ಇನ್ನೊಂದು ಧಾತು ಬಂದು ಕೂಡಿಕೊಳ್ಳುತ್ತದೆ. ‘ಓದುತ್ತ’ ಎಂಬುದರ ಮುಂದೆ ‘ಇದ್ದೇನೆ’ ಸೇರಿದರೆ ‘ಓದುತ್ತಿದ್ದೇನೆ’, ಅಂದರೆ ಓದುವ ಕೆಲಸ ಇನ್ನೂ ನಡೆದಿದೆ. ‘ಓದಿ’ ಎಂಬುದರ ಮುಂದೆ ಅದೇ ‘ಇದ್ದೇನೆ’ ಸೇರಿದರೆ ‘ಓದಿದ್ದೇನೆ’, ಅಂದರೆ ಓದಿ ಆಗಿದೆ ಮತ್ತು ಓದಿದವನಾಗಿ ನಾನು ಈಗ ಇದ್ದೇನೆ. ‘ಇದ್ದೇನೆ’ ಎಂಬಲ್ಲಿ ‘ಇದ್ದೆ’ ಎಂದು ಇಟ್ಟರೆ ಎರಡೂ ಭೂತಕಾಲಕ್ಕೆ ಸರಿಯುತ್ತವೆ: ‘ಓದುತ್ತಿದ್ದೆ’, ‘ಓದಿದ್ದೆ’. ‘ಇರುತ್ತೇನೆ’ ಎಂದು ಇಟ್ಟರೆ ಮುಂದಕ್ಕೆ ಸರಿಯುತ್ತವೆ: ‘ಓದುತ್ತಿರುತ್ತೇನೆ’, ‘ಓದಿರುತ್ತೇನೆ’. ಹೀಗೆ ಎರಡು ಅವ್ಯಯಗಳು ಮತ್ತು ‘ಇರು’ ಧಾತುವಿನ ಮೂರು ರೂಪಗಳು ಸೇರಿ, ಪಟ್ಟಿಯ 12 ಮನೆಗಳಲ್ಲಿ ಆರು ತುಂಬಿಬಿಡುತ್ತವೆ.

ಕಿವಿಗೆ ಹತ್ತಿರವಾಗಿರುವ ರೂಪಗಳನ್ನು ಇಲ್ಲಿ ಒಮ್ಮೆ ಗಮನಿಸಬೇಕು. ‘ನಾನು ಪುಸ್ತಕ ಓದಿದೆ’ ಎಂದರೆ ಸಾದಾ ಭೂತಕಾಲ. ‘ಮಗು ಪುಸ್ತಕ ಓದಿದೆ’ ಎಂದರೆ ಅದು ‘ಓದಿ’ ಮತ್ತು ‘ಇದೆ’ ಸೇರಿದ ರೂಪ. ಇಂಗ್ಲಿಷಿನಲ್ಲಿ ‘ದ ಚೈಲ್ಡ್ ಹ್ಯಾಸ್ ರೆಡ್’. ಎರಡು ವಾಕ್ಯಗಳಲ್ಲಿಯೂ ಕೊನೆಯ ಪದ ಅಕ್ಷರಶಃ ಒಂದೇ ಆಗಿದ್ದರೂ ಒಂದು ಪಟ್ಟಿಯ ಈ ಮೂಲೆಯಲ್ಲಿದ್ದರೆ ಇನ್ನೊಂದು ಆ ಮೂಲೆಯಲ್ಲಿದೆ. ನಪುಂಸಕದ ಸಾದಾ ಭೂತಕಾಲ ‘ಓದಿತು’ ಎಂಬುದನ್ನು ನೆನಪಿಟ್ಟುಕೊಂಡವರಿಗೆ ಗೊಂದಲವಾಗುವುದಿಲ್ಲ. ಇನ್ನು ‘ಓದಿದೆ’, ‘ಓದಿದ್ದೆ’ ಇವುಗಳ ನಡುವೆ ಇರುವುದು ಒಂದು ಒತ್ತು ಮಾತ್ರ. ಆದರೆ ಆ ಒತ್ತಿನಲ್ಲಿ ಒಂದು ‘ಇರು’ ಪೂರ್ತಿಯಾಗಿ ಕುಳಿತಿದೆ.

ಈಗ ನಮ್ಮ ಮನೆಗೆ ಬರೋಣ. ‘ಹ್ಯಾವ್ ಬೀನ್ ರೀಡಿಂಗ್’ ಎಂಬುದರಲ್ಲಿ ಎರಡು ಸಹಾಯಕಗಳು ಒಂದರ ಮೇಲೊಂದು ಕುಳಿತಿವೆ: ‘ರೀಡಿಂಗ್’ಗಾಗಿ ‘ಬಿ’, ಆ ‘ಬಿ’ಯನ್ನು ಪೂರ್ಣರೂಪಕ್ಕೆ ತರಲು ‘ಹ್ಯಾವ್’. ಕನ್ನಡದಲ್ಲಿ ಎರಡೂ ಕೆಲಸಗಳನ್ನು ಮಾಡುವುದು ‘ಇರು’ ಒಂದೇ. ಆದ್ದರಿಂದ ಆ ಕಟ್ಟಡವನ್ನು ಇದ್ದಂತೆಯೇ ಕನ್ನಡದಲ್ಲಿ ಕಟ್ಟಲು ಹೊರಟರೆ ‘ಓದುತ್ತ ಇದ್ದು ಇದ್ದೇನೆ’, ಅಂದರೆ ‘ಓದುತ್ತಿದ್ದಿದ್ದೇನೆ’ ಎಂದಾಗುತ್ತದೆ. ‘ನೀನು ಇದ್ದಿದ್ದರೆ’ ಎಂಬಂತಹ ಷರತ್ತಿನ ಮಾತುಗಳಲ್ಲಿ ಈ ಜೋಡಿ ‘ಇರು’ ನಮಗೆ ಚೆನ್ನಾಗಿ ಪರಿಚಿತವಾಗಿದೆ. ಆದರೆ ‘ಓದುತ್ತಿದ್ದಿದ್ದೇನೆ’ ಎಂದು ಯಾರೂ ಹೇಳುವುದಿಲ್ಲ. ಮನೆ ಖಾಲಿ ಉಳಿಯಬಾರದೆಂದು ಪಟ್ಟಿ ಮಾಡಿದವರು ‘ಬರು’ ಧಾತುವನ್ನು ತಂದು ಅಲ್ಲಿ ಕೂರಿಸಿದ್ದಾರೆ. ಅವರ ಕಷ್ಟ ಅರ್ಥವಾಗುತ್ತದೆ. 13ನೆಯ ಶತಮಾನದ ಕೇಶಿರಾಜನು ತನ್ನ ವ್ಯಾಕರಣದಲ್ಲಿ ಹಳಗನ್ನಡದ ಭೂತಕ್ಕೆ ‘ದ’, ವರ್ತಮಾನಕ್ಕೆ ‘ದಪ’, ಭವಿಷ್ಯತ್ತಿಗೆ ‘ವ’ ಎಂದು ಮೂರು ಕಾಲಗಳ ಪ್ರತ್ಯಯಗಳನ್ನು ಹೇಳಿದಾಗ, 12 ಮನೆಗಳನ್ನು ತುಂಬುವ ಒತ್ತಾಯ ಅವನಿಗೆ ಇರಲಿಲ್ಲ.

‘ಓದುತ್ತಾ ಬಂದಿದ್ದೇನೆ’ ಎಂಬುದು ಕೃತಕ ಕನ್ನಡ ಎಂದು ನಾನು ಹೇಳುತ್ತಿಲ್ಲ. ಅದು ಒಳ್ಳೆಯ ಕನ್ನಡವೇ. ಆದರೆ ಅದರ ಅರ್ಥ ಇಂಗ್ಲಿಷ್ ರೂಪದ ಅರ್ಥಕ್ಕಿಂತ ಬಹಳ ಕಿರಿದು. ‘ನಾವು ಮೂವತ್ತು ವರ್ಷಗಳಿಂದ ಈ ನಿಯಮವನ್ನು ಪಾಲಿಸುತ್ತಾ ಬಂದಿದ್ದೇವೆ’ ಎಂದಾಗ ಕೇಳುವವರಿಗೆ ಒಂದು ದೀರ್ಘ ದಾರಿ ಕಾಣುತ್ತದೆ. ಅಂದಿನಿಂದ ಇಂದಿನವರೆಗೆ ಮತ್ತೆ ಮತ್ತೆ ನಡೆದ ಒಂದು ರೂಢಿ, ಅಥವಾ ನಿಧಾನವಾಗಿ ಆದ ಒಂದು ಬದಲಾವಣೆ. ‘ವರ್ಷದಿಂದ ವರ್ಷಕ್ಕೆ ಮಳೆ ಕಡಿಮೆಯಾಗುತ್ತಾ ಬಂದಿದೆ’ ಎಂಬಲ್ಲಿಯೂ ಇದೇ ಭಾವ. ‘ಬರು’ ಎಂದರೆ ಮಾತನಾಡುವವನು ನಿಂತ ಕಡೆಗೆ ಚಲಿಸುವುದು. ಆದ್ದರಿಂದಲೇ ಹಿಂದಿನಿಂದ ಈಗಿನವರೆಗೆ ಬಂದದ್ದಕ್ಕೆ ‘ಕಡಿಮೆಯಾಗುತ್ತಾ ಬಂದಿದೆ’ ಎನ್ನುತ್ತೇವೆ, ಇಲ್ಲಿಂದ ಮುಂದಕ್ಕೆ ಸಾಗುವುದಕ್ಕೆ ‘ಕಡಿಮೆಯಾಗುತ್ತಾ ಹೋಗುತ್ತದೆ’ ಎನ್ನುತ್ತೇವೆ. ಎರಡು ಗಂಟೆಯ ಕಾಯುವಿಕೆಗೆ ಇಷ್ಟು ದೊಡ್ಡ ದಾರಿ ಬೇಕಿಲ್ಲ. ಇನ್ನೊಂದು ತೊಡಕೂ ಇದೆ: ‘ಬರು’ ಧಾತು ತನ್ನ ಮೂಲ ಅರ್ಥವನ್ನು ಪೂರ್ತಿಯಾಗಿ ಬಿಟ್ಟುಕೊಟ್ಟಿಲ್ಲ. ‘ಅವನು ಹಾಡುತ್ತಾ ಬಂದಿದ್ದಾನೆ’ ಎಂಬ ವಾಕ್ಯವನ್ನು ಸಂದರ್ಭವಿಲ್ಲದೆ ಕೇಳಿದವರು, ಹಾಡಿಕೊಂಡು ಬಾಗಿಲೊಳಗೆ ಬಂದವನನ್ನು ಮೊದಲು ಕಾಣುತ್ತಾರೆ. ವರ್ಷಗಟ್ಟಲೆ ಹಾಡಿದವನನ್ನು ಕಾಣುವುದು ಆಮೇಲೆ.

ಹಾಗಿದ್ದರೆ ದಿನನಿತ್ಯದ ಕನ್ನಡದಲ್ಲಿ ‘ಹ್ಯಾವ್ ಬೀನ್’ ಎಂಬುದರ ಭಾರವನ್ನು ಹೊರುವುದು ಯಾವುದು? ಅದನ್ನು ನಾವು ಕ್ರಿಯಾಪದದ ತುದಿಯಲ್ಲಿ ಹುಡುಕುತ್ತಿರುವುದರಿಂದಲೇ ಅದು ಸಿಗುತ್ತಿಲ್ಲ. ಅದು ಕಾಲವನ್ನು ಹೇಳುವ ನಾಮಪದದ ತುದಿಯಲ್ಲಿದೆ. ಅದರ ಹೆಸರು ‘ಇಂದ’. ‘ಕಾಯುತ್ತಿದ್ದೇನೆ’ ಎಂದರೆ ‘ಐ ಆಮ್ ವೇಟಿಂಗ್’. ‘ಬೆಳಗ್ಗೆಯಿಂದ ಕಾಯುತ್ತಿದ್ದೇನೆ’ ಎಂದರೆ ‘ಐ ಹ್ಯಾವ್ ಬೀನ್ ವೇಟಿಂಗ್ ಸಿನ್ಸ್ ಮಾರ್ನಿಂಗ್’. ಎರಡರಲ್ಲೂ ಕ್ರಿಯಾಪದ ಒಂದೇ. ಕನ್ನಡ ಈ ಅರ್ಥವನ್ನು ‘ಬೆಳಗ್ಗೆ’ಯ ಮೇಲೆ ಒಮ್ಮೆ ಹೇಳಿ ಸುಮ್ಮನಾಗುತ್ತದೆ, ಇಂಗ್ಲಿಷ್ ‘ಸಿನ್ಸ್’ ಎಂದು ಹೇಳಿದ ಮೇಲೂ ಕ್ರಿಯಾಪದದಲ್ಲಿ ಮತ್ತೊಮ್ಮೆ ಹೇಳಿಸಿಕೊಳ್ಳುತ್ತದೆ. ನಮ್ಮ ವಿದ್ಯಾರ್ಥಿ ಒಮ್ಮೆ ಹೇಳಿದರೆ ಸಾಕೆಂದುಕೊಂಡ.

ಈ ‘ಇಂದ’ ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು ಅದನ್ನು ತೆಗೆದು ನೋಡಿದರೆ ತಿಳಿಯುತ್ತದೆ. ‘ಅಲ್ಲಿ ಹತ್ತು ವರ್ಷ ಇದ್ದೆ’ ಎಂದರೆ ಆ ಹತ್ತು ವರ್ಷಗಳು ಮುಗಿದಿವೆ, ನಾನು ಈಗ ಅಲ್ಲಿಲ್ಲ. ‘ಇಲ್ಲಿ ಹತ್ತು ವರ್ಷದಿಂದ ಇದ್ದೇನೆ’ ಎಂದರೆ ಅವಧಿ ಇನ್ನೂ ತೆರೆದಿದೆ. ಇಂಗ್ಲಿಷ್ ಎರಡಕ್ಕೂ ‘ಫಾರ್ ಟೆನ್ ಇಯರ್ಸ್’ ಎಂದೇ ಹೇಳುತ್ತದೆ, ಹಾಗಾಗಿ ಮುಗಿದದ್ದೋ ಇಲ್ಲವೋ ಎಂಬುದನ್ನು ತಿಳಿಸಲು ಅದಕ್ಕೆ ಕ್ರಿಯಾಪದವೇ ಬೇಕು: ‘ಐ ಲಿವ್ಡ್ ದೇರ್ ಫಾರ್ ಟೆನ್ ಇಯರ್ಸ್’, ‘ಐ ಹ್ಯಾವ್ ಬೀನ್ ಲಿವಿಂಗ್ ಹಿಯರ್ ಫಾರ್ ಟೆನ್ ಇಯರ್ಸ್’. ನಾವು ನಾಮಪದದಲ್ಲಿ ಮಾಡುವ ಭೇದವನ್ನು ಅವರು ಕ್ರಿಯಾಪದದಲ್ಲಿ ಮಾಡುತ್ತಾರೆ.

ಹೀಗಾಗಿ ಪಟ್ಟಿಯ ಬದಲು ನಾನು ಹೇಳಿಕೊಡುವ ಕ್ರಮ ಇದು. ಮನಸ್ಸಿನಲ್ಲಿ ಹುಟ್ಟಿದ ಕನ್ನಡ ವಾಕ್ಯವನ್ನು ಹಾಗೆಯೇ ಹಿಡಿದುಕೊಳ್ಳಿ, ಅದನ್ನು ‘ಬಂದಿದ್ದೇನೆ’ ಎಂದು ತಿದ್ದಲು ಹೋಗಬೇಡಿ. ಅದರ ಕ್ರಿಯಾಪದ ‘ಉತ್ತಿದ್ದೇನೆ’ ಎಂಬ ಬಗೆಯದೇ ಎಂದು ನೋಡಿ. ಹೌದಾದರೆ ವಾಕ್ಯದಲ್ಲಿ ಕಾಲಕ್ಕೆ ಅಂಟಿಕೊಂಡ ‘ಇಂದ’ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ‘ಆಮ್’ ಸಾಕು. ಇದ್ದರೆ ‘ಆಮ್’ ತೆಗೆದು ‘ಹ್ಯಾವ್ ಬೀನ್’ ಇಡಿ. ಈ ಕ್ರಮದ ಲಾಭವೆಂದರೆ ಅದು ಭೂತಕಾಲದಲ್ಲೂ ಹಾಗೆಯೇ ನಡೆಯುತ್ತದೆ. ‘ನಾನು ತಲುಪಿದಾಗ ಅವರು ಕಾಯುತ್ತಿದ್ದರು’ ಎಂಬುದು ‘ವರ್ ವೇಟಿಂಗ್’. ‘ನಾನು ತಲುಪಿದಾಗ ಅವರು ಮಧ್ಯಾಹ್ನದಿಂದ ಕಾಯುತ್ತಿದ್ದರು’ ಎಂಬುದು ‘ಹ್ಯಾಡ್ ಬೀನ್ ವೇಟಿಂಗ್’. ಪಾಸ್ಟ್ ಪರ್ಫೆಕ್ಟ್ ಕಂಟಿನ್ಯುಯಸ್ ಎಂಬ ಭಯಂಕರ ಹೆಸರಿನ ಮನೆಗೆ ಬೇಕಾದದ್ದು ಮತ್ತೆ ಒಂದು ‘ಇಂದ’ ಮಾತ್ರ.

ಇನ್ನು ‘ಫಾರ್’, ‘ಸಿನ್ಸ್’ ಇವುಗಳ ವಿಷಯ. ಕನ್ನಡದಲ್ಲಿ ಕೆಲಸ ಆರಂಭವಾದ ಬಿಂದುವಿಗೂ ‘ಇಂದ’, ಅದು ನಡೆದ ಅವಧಿಗೂ ‘ಇಂದ’: ‘2015ರಿಂದ’, ‘ಹತ್ತು ವರ್ಷದಿಂದ’. ಇಂಗ್ಲಿಷಿನಲ್ಲಿ ಬಿಂದುವಿಗೆ ‘ಸಿನ್ಸ್’, ಅವಧಿಗೆ ‘ಫಾರ್’. ಇದನ್ನು ಎಲ್ಲರೂ ಹೇಳಿಕೊಡುತ್ತಾರೆ, ಆದರೂ ತಪ್ಪು ನಿಲ್ಲುವುದಿಲ್ಲ. ಅದಕ್ಕೆ ಕಾರಣ ನಮ್ಮ ವಿದ್ಯಾರ್ಥಿಯ ವಾಕ್ಯದಲ್ಲಿಯೇ ಇದೆ ಎಂದು ನನಗೆ ಅನ್ನಿಸುತ್ತದೆ. ‘ಎರಡು ಗಂಟೆಯಿಂದ ಕಾಯುತ್ತಿದ್ದೇನೆ’ ಎಂದು ಅವನು ಕನ್ನಡದಲ್ಲಿಯೇ ಹೇಳಿದ್ದರೂ ಅದಕ್ಕೆ ಎರಡು ಅರ್ಥಗಳಿರುತ್ತಿದ್ದವು. ಗಡಿಯಾರ ಎರಡು ತೋರಿಸಿದಾಗಿನಿಂದ ಎಂಬುದು ಒಂದು, ನೂರಿಪ್ಪತ್ತು ನಿಮಿಷಗಳಿಂದ ಎಂಬುದು ಇನ್ನೊಂದು. ಬರಹದಲ್ಲಿ ‘ಎರಡು ಗಂಟೆಗಳಿಂದ’ ಎಂದು ಬಹುವಚನ ಮಾಡಿದರೆ ಅವಧಿ ಎಂದು ಸ್ಪಷ್ಟವಾಗುತ್ತದೆ. ಮಾತಿನಲ್ಲಿ ಆ ‘ಗಳ’ನ್ನು ನಾವು ಹೆಚ್ಚಾಗಿ ನುಂಗುತ್ತೇವೆ. ಕೇಳುವವರು ಈಗ ಎಷ್ಟು ಗಂಟೆಯಾಗಿದೆ ಎಂಬುದನ್ನು ನೋಡಿಕೊಂಡು ಅರ್ಥ ಮಾಡಿಕೊಳ್ಳುತ್ತಾರೆ. ಕನ್ನಡ ಸಂದರ್ಭಕ್ಕೆ ಬಿಟ್ಟುಕೊಟ್ಟ ಈ ನಿರ್ಣಯವನ್ನು ಇಂಗ್ಲಿಷಿನಲ್ಲಿ ಮಾತನಾಡುವವನೇ ಮಾಡಬೇಕಾಗುತ್ತದೆ: ‘ಸಿನ್ಸ್ ಟು’ ಅಥವಾ ‘ಫಾರ್ ಟು ಅವರ್ಸ್’. ಸಂದೇಹ ಬಂದಾಗ ಆ ಪದದ ಮುಂದೆ ‘ಪೂರ್ತಿ’ ಎಂಬುದನ್ನು ಸೇರಿಸಿ ನೋಡಿ. ‘ಪೂರ್ತಿ ಎರಡು ಗಂಟೆಯಿಂದ’, ‘ಪೂರ್ತಿ ಹತ್ತು ವರ್ಷದಿಂದ’ ಎಂದು ಸಹಜವಾಗಿ ಹೇಳಬಹುದಾದರೆ ಅದು ಅವಧಿ, ‘ಫಾರ್’. ‘ಪೂರ್ತಿ 2015ರಿಂದ’ ಎಂದು ಹೇಳಲಾಗುವುದಿಲ್ಲ. ಅದು ಬಿಂದು, ‘ಸಿನ್ಸ್’.

‘ಇಂದ’ ಕಂಡಲ್ಲೆಲ್ಲ ‘ಹ್ಯಾವ್ ಬೀನ್’ ಇಡಬಾರದು ಎಂಬುದನ್ನೂ ಹೇಳಲೇಬೇಕು. ‘ನಾಳೆಯಿಂದ ಓದುತ್ತೇನೆ’ ಎಂಬಲ್ಲಿ ಬಿಂದು ಮುಂದೆ ಇದೆ, ಕ್ರಿಯಾಪದವೂ ‘ಉತ್ತಿದ್ದೇನೆ’ ಎಂಬ ಬಗೆಯದಲ್ಲ; ಅಲ್ಲಿ ‘ಫ್ರಮ್ ಟುಮಾರೊ’ ಸಾಕು. ‘ಒಂಬತ್ತರಿಂದ ಹನ್ನೊಂದರವರೆಗೆ ಓದುತ್ತಿದ್ದೆ’ ಎಂಬಲ್ಲಿ ‘ವರೆಗೆ’ ಬಂದು ಅವಧಿಯ ಬಾಗಿಲನ್ನು ಮುಚ್ಚಿದೆ. ‘ಇಂದ’ ತೆರೆದೇ ಉಳಿದಾಗ ಮಾತ್ರ ನಮ್ಮ ಕ್ರಮ ಸಲ್ಲುತ್ತದೆ, ಆದ್ದರಿಂದ ಇದು ‘ವಾಸ್ ರೀಡಿಂಗ್ ಫ್ರಮ್ ನೈನ್ ಟು ಇಲೆವೆನ್’.

ಈಗ ಒಂದೇ ಇಂಗ್ಲಿಷ್ ವಾಕ್ಯವನ್ನು ಎದುರಿಗಿಟ್ಟುಕೊಂಡು ಅದನ್ನು ಕನ್ನಡದ ಕಡೆಗೆ ತರೋಣ. ಕ್ರಮದ ಇನ್ನೊಂದು ಮಿತಿ ಆಗ ಗೊತ್ತಾಗುತ್ತದೆ. ವಾಕ್ಯ: ‘ಇಟ್ ಹ್ಯಾಸ್ ಬೀನ್ ರೇನಿಂಗ್’. ನೀವು ಕಿಟಕಿಯ ಬಳಿ ಕುಳಿತಿದ್ದೀರಿ, ಬೆಳಗ್ಗೆ ಶುರುವಾದ ಮಳೆ ಇನ್ನೂ ನಿಂತಿಲ್ಲ. ಆಗ ಕನ್ನಡದಲ್ಲಿ ‘ಬೆಳಗ್ಗೆಯಿಂದ ಮಳೆ ಸುರಿಯುತ್ತಿದೆ’ ಎನ್ನುತ್ತೀರಿ. ಸ್ವಲ್ಪ ಬೇಸರವಿದ್ದರೆ ‘ಸುರಿಯುತ್ತಲೇ ಇದೆ’ ಎನ್ನುತ್ತೀರಿ. ಇದು ನಮ್ಮ ಕ್ರಮಕ್ಕೆ ಸರಿಯಾಗಿ ಹೊಂದುತ್ತದೆ. ಎರಡನೆಯ ಸಂದರ್ಭದಲ್ಲಿ ನೀವು ಒಳಗಿನ ಕೋಣೆಯಲ್ಲಿ ಮಲಗಿದ್ದವರು ಎದ್ದು ಬಾಗಿಲು ತೆರೆಯುತ್ತೀರಿ. ಆಕಾಶ ತಿಳಿಯಾಗಿದೆ, ನೆಲ ಒದ್ದೆಯಾಗಿದೆ, ಎಲೆಗಳಿಂದ ನೀರು ತೊಟ್ಟಿಕ್ಕುತ್ತಿದೆ. ಇಲ್ಲಿಯೂ ಇಂಗ್ಲಿಷಿನವರು ‘ಇಟ್ ಹ್ಯಾಸ್ ಬೀನ್ ರೇನಿಂಗ್’ ಎಂದೇ ಹೇಳುತ್ತಾರೆ. ನೀವು ಮಾತ್ರ ‘ಸುರಿಯುತ್ತಿದೆ’ ಎನ್ನಲಾರಿರಿ, ಏಕೆಂದರೆ ಮಳೆ ನಿಂತಿದೆ. ‘ಸುರಿಯುತ್ತಾ ಬಂದಿದೆ’ ಎಂದರೆ ನಗೆಪಾಟಲಾಗುತ್ತದೆ. ನೀವು ಹೇಳುವುದು ‘ಮಳೆ ಬಂದಿದೆ’ ಎಂದು.

ಈ ‘ಬಂದಿದೆ’ ಮೇಲೆ ನೋಡಿದ ‘ಓದಿದ್ದೇನೆ’ ಬಗೆಯದು. ಪಟ್ಟಿಯ ಪ್ರಕಾರ ಸಾದಾ ಪ್ರೆಸೆಂಟ್ ಪರ್ಫೆಕ್ಟ್. ಕಣ್ಣೆದುರಿನ ಗುರುತನ್ನು ನೋಡಿ ಹಿಂದೆ ನಡೆದ ಕ್ರಿಯೆಯನ್ನು ಊಹಿಸುವಾಗ ಕನ್ನಡ ಈ ರೂಪವನ್ನೇ ಬಳಸುತ್ತದೆ. ಕೆಂಪಾದ ಕಣ್ಣುಗಳನ್ನು ಕಂಡು ‘ಅತ್ತಿದ್ದೀಯಾ?’ ಎಂದು ಕೇಳುವುದು ಇದೇ ಕಾರಣಕ್ಕೆ. ಇಂಗ್ಲಿಷಿನಲ್ಲಿ ಅದು ‘ಹ್ಯಾವ್ ಯು ಬೀನ್ ಕ್ರೈಯಿಂಗ್?’ ‘ಹ್ಯಾವ್ ಯು ಕ್ರೈಡ್?’ ಎಂದರೆ ವ್ಯಾಕರಣದ ತಪ್ಪೇನೂ ಇಲ್ಲ, ಆದರೆ ಅದು ಅತ್ತದ್ದು ಹೌದೋ ಅಲ್ಲವೋ ಎಂಬುದನ್ನು ದಾಖಲೆಗಾಗಿ ವಿಚಾರಿಸಿದಂತೆ ಕೇಳಿಸುತ್ತದೆ. ಎದುರಿಗಿರುವ ಕೆಂಪು ಕಣ್ಣುಗಳಿಗೆ ಕಾರಣ ಕೇಳಿದಂತೆ ಆಗುವುದಿಲ್ಲ. ಆದ್ದರಿಂದ ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ ನಾನು ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಕ್ರಿಯೆ ಈಗಲೂ ನಡೆದಿದೆಯೇ, ಅದರ ಗುರುತು ಮಾತ್ರ ಉಳಿದಿದೆಯೇ? ನಡೆದಿದ್ದರೆ ‘ಇಂದ’ದ ಜೊತೆಗೆ ‘ಉತ್ತಿದೆ’. ಗುರುತು ಮಾತ್ರ ಉಳಿದಿದ್ದರೆ ‘ಬಂದಿದೆ’, ‘ಅತ್ತಿದ್ದೀಯ’ ಎಂಬ ಬಗೆ. ಈ ಎರಡೂ ಅಲ್ಲದೆ ವರ್ಷಗಟ್ಟಲೆ ನಡೆದುಬಂದ ರೂಢಿಯೋ ನಿಧಾನದ ಬದಲಾವಣೆಯೋ ಆಗಿದ್ದರೆ ಮಾತ್ರ ಪಟ್ಟಿಯವರ ‘ಉತ್ತಾ ಬಂದಿದೆ’.

ಇನ್ನೊಂದು ಪ್ರಸಂಗವನ್ನು ಪೂರ್ತಿಯಾಗಿ ಬಿಡಿಸಿ ತೋರಿಸುತ್ತೇನೆ. ರಜೆಯ ಅರ್ಜಿಗಳಲ್ಲಿ ನಾನು ಎಷ್ಟೋ ಬಾರಿ ತಿದ್ದಿರುವ ವಾಕ್ಯ ಇದು: ‘ಐ ಆಮ್ ಹ್ಯಾವಿಂಗ್ ಫೀವರ್ ಸಿನ್ಸ್ ಥ್ರೀ ಡೇಸ್’. ಇದರ ಹಿಂದಿರುವ ಕನ್ನಡ ‘ನನಗೆ ಮೂರು ದಿನದಿಂದ ಜ್ವರ’ ಎಂಬುದು. ‘ಇಂದ’ ಇದೆ, ಅವಧಿ ತೆರೆದಿದೆ, ಹಾಗಾಗಿ ‘ಆಮ್’ ನಿಲ್ಲದು, ‘ಹ್ಯಾವ್’ ಬರಲೇಬೇಕು. ‘ಪೂರ್ತಿ ಮೂರು ದಿನದಿಂದ’ ಎನ್ನಬಹುದು, ಹಾಗಾಗಿ ‘ಸಿನ್ಸ್’ ಹೋಗಿ ‘ಫಾರ್’ ಬರುತ್ತದೆ. ಇಲ್ಲಿಯವರೆಗೆ ಸುಲಭ. ಆದರೆ ಮೂಲ ಕನ್ನಡ ವಾಕ್ಯವನ್ನು ಮತ್ತೊಮ್ಮೆ ನೋಡಿದರೆ ಅದರಲ್ಲಿ ಕ್ರಿಯಾಪದವೇ ಇಲ್ಲ. ‘ಉತ್ತಿದ್ದೇನೆ’ ಇಲ್ಲದಿರುವಲ್ಲಿ ಇಂಗ್ಲಿಷಿನ ‘ಇಂಗ್’ ಎಲ್ಲಿಂದ ಬರಬೇಕು? ಬರಬೇಕಾಗಿಲ್ಲ. ಜ್ವರ ಇರುವುದು ಒಂದು ಸ್ಥಿತಿ, ಅದು ನಾವು ಮಾಡುವ ಕೆಲಸವಲ್ಲ. ಆದ್ದರಿಂದ ‘ಐ ಹ್ಯಾವ್ ಹ್ಯಾಡ್ ಎ ಫೀವರ್ ಫಾರ್ ಥ್ರೀ ಡೇಸ್’ ಎಂಬಲ್ಲಿಗೆ ನಿಲ್ಲಬೇಕು.

ಇದು ಜ್ವರಕ್ಕೆ ಮಾತ್ರ ಸೀಮಿತವಲ್ಲ. ‘ಹತ್ತು ವರ್ಷದಿಂದ ಅವರು ನನಗೆ ಗೊತ್ತು’ ಎಂಬಲ್ಲಿಯೂ ‘ಗೊತ್ತು’ ಎಂಬುದಕ್ಕೆ ಕಾಲದ ಪ್ರತ್ಯಯವಿಲ್ಲ, ಪುರುಷದ ಪ್ರತ್ಯಯವೂ ಇಲ್ಲ. ತಿಳಿದವನು ‘ನನಗೆ’ ಎಂದು ಚತುರ್ಥಿಯಲ್ಲಿ ನಿಂತಿದ್ದಾನೆ. ‘ಇಷ್ಟ’, ‘ಬೇಕು’, ‘ಗೊತ್ತು’ ಮುಂತಾದ, ‘ನನಗೆ’ ಎಂದು ಆರಂಭವಾಗುವ ಸ್ಥಿತಿವಾಚಕ ಮಾತುಗಳು ಇಂಗ್ಲಿಷಿನಲ್ಲಿ ‘ಇಂಗ್’ ಒಲ್ಲದ ಕ್ರಿಯಾಪದಗಳಿಗೆ ಹೆಚ್ಚುಕಡಿಮೆ ಹೊಂದುತ್ತವೆ: ‘ಐ ಹ್ಯಾವ್ ನೋನ್ ಹಿಮ್ ಫಾರ್ ಟೆನ್ ಇಯರ್ಸ್’. ಈ ಹೊಂದಾಣಿಕೆ ಎಲ್ಲೆಡೆ ನಡೆಯುವುದಿಲ್ಲ. ‘ನನಗೆ ಎರಡು ದಿನದಿಂದ ಕೆಮ್ಮು’ ಎಂಬುದನ್ನು ‘ಐ ಹ್ಯಾವ್ ಬೀನ್ ಕಾಫಿಂಗ್’ ಎಂದೂ ಧಾರಾಳವಾಗಿ ಹೇಳಬಹುದು, ಏಕೆಂದರೆ ಇಂಗ್ಲಿಷಿನಲ್ಲಿ ಕೆಮ್ಮುವುದು ಒಂದು ಕೆಲಸವೂ ಹೌದು. ಆದರೂ ಪರೀಕ್ಷೆಯ ಕೋಣೆಯಲ್ಲಿ ಕುಳಿತವರಿಗೆ ‘ನನಗೆ’ ಎಂಬುದು ಎಚ್ಚರಿಕೆಯ ಗಂಟೆಯಾಗಿ ಸಾಕಷ್ಟು ಉಪಯೋಗಕ್ಕೆ ಬರುತ್ತದೆ.

ಭವಿಷ್ಯತ್ತಿನ ಮನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಐ ವಿಲ್ ಹ್ಯಾವ್ ಬೀನ್ ವರ್ಕಿಂಗ್’ ಎಂಬುದಕ್ಕೆ ಪಟ್ಟಿಗಳು ಕೊಡುವ ‘ಕೆಲಸ ಮಾಡುತ್ತಾ ಬಂದಿರುತ್ತೇನೆ’ ಎಂಬ ರೂಪವನ್ನು ಪಟ್ಟಿಯ ಹೊರಗೆ ನಾನು ಕೇಳಿಲ್ಲ. ನಾವು ಹೇಳುವುದು ‘ಮುಂದಿನ ತಿಂಗಳಿಗೆ ನಾನು ಇಲ್ಲಿ ಕೆಲಸಕ್ಕೆ ಸೇರಿ ಹತ್ತು ವರ್ಷವಾಗುತ್ತದೆ’ ಎಂದು. ಇದರಲ್ಲಿ ಕೆಲಸದ ಆರಂಭ ‘ಸೇರಿ’ ಎಂಬ ಅವ್ಯಯದಲ್ಲಿದೆ, ಅವಧಿಯೇ ಕರ್ತೃವಾಗಿದೆ, ‘ಆಗು’ ಧಾತು ಅದನ್ನು ತುಂಬಿಸುತ್ತದೆ. ವರ್ತಮಾನದಲ್ಲೂ ಇದೇ ಜಾಡಿನಲ್ಲಿ ‘ಸೇರಿ ಹತ್ತು ವರ್ಷವಾಯಿತು’ ಎನ್ನುತ್ತೇವೆ. ‘ಆಯಿತು’ ಎಂಬುದು ಭೂತಕಾಲದ ರೂಪವಾದ್ದರಿಂದ ಇದನ್ನು ಇಂಗ್ಲಿಷಿನ ಸಾದಾ ಭೂತಕ್ಕೆ ತಿರುಗಿಸುವ ಆಸೆಯಾಗುತ್ತದೆ. ಹತ್ತು ವರ್ಷ ತುಂಬಿದ್ದು ಮುಗಿದ ಸಂಗತಿ, ಕೆಲಸ ಮುಗಿದಿಲ್ಲ. ಇಂಗ್ಲಿಷ್ ಕೆಲಸದ ಕಡೆಯಿಂದ ನೋಡುತ್ತದೆ, ಆದ್ದರಿಂದ ಅಲ್ಲಿ ‘ಹ್ಯಾವ್ ಬೀನ್ ವರ್ಕಿಂಗ್ ಫಾರ್ ಟೆನ್ ಇಯರ್ಸ್’ ಎಂದೇ ಆಗಬೇಕು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಒಬ್ಬರು ಎದ್ದು, ‘ನಿಷೇಧದಲ್ಲಿ ಏನು ಮಾಡಬೇಕು? ಅಲ್ಲಿ ಇದ್ದೇನೆ ಎಂಬುದೇ ಇರುವುದಿಲ್ಲವಲ್ಲ’ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ, ನಾನೇ ಹೇಳಬೇಕಾಗಿತ್ತು. ನಿಷೇಧದಲ್ಲಿ ‘ಇದ್ದೇನೆ’, ‘ಇದ್ದಾಳೆ’, ‘ಇದ್ದಾರೆ’ ಎಲ್ಲವೂ ಅಳಿಸಿಹೋಗಿ ‘ಇಲ್ಲ’ ಒಂದೇ ಉಳಿಯುತ್ತದೆ: ನಾನು ಓದಿಲ್ಲ, ಅವಳು ಓದಿಲ್ಲ, ಅವರು ಓದಿಲ್ಲ. ಪುರುಷವನ್ನು ಸೂಚಿಸುವ ತುದಿ ಹೋದರೂ, ನಮಗೆ ಬೇಕಾದ ಅವ್ಯಯ ‘ಇಲ್ಲ’ದ ಹಿಂದೆ ಉಳಿದೇ ಇರುತ್ತದೆ. ‘ಮೂರು ದಿನದಿಂದ ಓದಿಲ್ಲ’ ಎಂಬಲ್ಲಿ ‘ಓದಿ’ ಇದೆ, ಆದ್ದರಿಂದ ‘ಹ್ಯಾವಂಟ್ ರೆಡ್ ಫಾರ್ ಥ್ರೀ ಡೇಸ್’. ಆ ಮೂರು ದಿನಗಳಲ್ಲಿ ಪುಸ್ತಕವನ್ನೇ ಮುಟ್ಟಿಲ್ಲ. ‘ಮೂರು ದಿನದಿಂದ ಸರಿಯಾಗಿ ಓದುತ್ತಿಲ್ಲ’ ಎಂಬಲ್ಲಿ ‘ಓದುತ್ತ’ ಇದೆ, ಆದ್ದರಿಂದ ‘ಹ್ಯಾವಂಟ್ ಬೀನ್ ರೀಡಿಂಗ್’. ಪುಸ್ತಕ ತೆರೆದಿದ್ದಾನೆ, ಮನಸ್ಸು ಅದರಲ್ಲಿಲ್ಲ. ಅವರು ಎರಡೂ ವಾಕ್ಯಗಳನ್ನು ಬರೆದುಕೊಂಡು, ಸ್ವಲ್ಪ ಹೊತ್ತು ಬಿಟ್ಟು, ‘ಹಾಗಾದರೆ ನಾನು ಎರಡನೆಯವನು’ ಎಂದರು.